ಸಲಹಾ ಕರೆಗೆ ಬುಕಿಂಗ್ ಪುಟ: ಕ್ಯಾಲೆಂಡರ್, ಪಾವತಿ, ರಿಮೈಂಡರ್ ಜೋಡಿಸುವ ಕ್ರಮ

ದಾವಣಗೆರೆಯಲ್ಲಿ ನನ್ನ ಹತ್ತಿರ ಬರುವ ಟ್ಯಾಕ್ಸ್ ಸಲಹೆಗಾರರು, ಡಯಟಿಷಿಯನ್‌ಗಳು, ಕೃಷಿ ಸಲಹೆಗಾರರು ಎಲ್ಲರೂ ಒಂದೇ ಕಡೆ ಎಡವುತ್ತಿದ್ದಾರೆ. ಬುಕಿಂಗ್ ಪುಟ ಇರುತ್ತದೆ. ಲಿಂಕ್ ಹಂಚಿರುತ್ತಾರೆ. ಜನ ಸಮಯವನ್ನೂ ಹಿಡಿದಿರುತ್ತಾರೆ. ಹೇಳಿದ ಹೊತ್ತಿಗೆ ಫೋನ್ ಮಾಡಿದರೆ ಮಾತ್ರ ಆ ಕಡೆಯಿಂದ ಎತ್ತುವವರೇ ಇಲ್ಲ. ಬಿಡಿಸಿ ನೋಡಿದರೆ ಕ್ಯಾಲೆಂಡರ್ ಒಂದು ಕಡೆ, ಕ್ಯೂಆರ್ ಕೋಡ್ ಇನ್ನೊಂದು ಕಡೆ, ರಿಮೈಂಡರ್ ಯಾರೂ ತೆರೆಯದ ಇಮೇಲ್‌ನಲ್ಲಿ. ಮೂರಕ್ಕೂ ಒಂದಕ್ಕೊಂದು ಗೊತ್ತೇ ಇಲ್ಲ.

ಇಲ್ಲಿ ಹೇಳುವುದೆಲ್ಲ ನಮ್ಮ ಭಾವನಿಗೆ ಮಾಡಿಕೊಟ್ಟ ಪುಟದ ಆಧಾರದ ಮೇಲೆ. ಅವರು ಇರುವುದು ಚಿತ್ರದುರ್ಗದಲ್ಲಿ. ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆಯ ದಾಳಿಂಬೆ ಬೆಳೆಗಾರರಿಗೆ ಫೋನಿನಲ್ಲೇ ಸಲಹೆ ಕೊಡುತ್ತಾರೆ. 20 ನಿಮಿಷದ ಕರೆ, 400 ರೂಪಾಯಿ. ಮೊದಲು ವಾಟ್ಸಾಪ್‌ನಲ್ಲೇ ಸಮಯ ಕೊಡುತ್ತಿದ್ದರು, ಕರೆ ಮುಗಿದ ಮೇಲೆ ದುಡ್ಡು ಕೇಳುತ್ತಿದ್ದರು. ಒಂದು ವಾರ ನೋಟ್‌ಬುಕ್ ಹಿಡಿದು ಲೆಕ್ಕ ಇಟ್ಟೆವು. ಹನ್ನೆರಡು ಜನರಲ್ಲಿ ಐವರು ಸಿಗಲಿಲ್ಲ. ಆ ಐವರಿಗೂ ಮಾರನೇ ದಿನ ಫೋನ್ ಮಾಡಿ ಕೇಳಿದೆವು. ಇಬ್ಬರು ಮೂರು ಫೇಸ್ ಕರೆಂಟ್ ಬಂತು ಅಂತ ಬೋರ್ ಹತ್ತಿರ ಹೋಗಿದ್ದರು. ಒಬ್ಬರು ಗುರುತಿಲ್ಲದ ನಂಬರ್ ಅಂತ ಎತ್ತಿರಲಿಲ್ಲ. ಇನ್ನೊಬ್ಬರಿಗೆ ದಿನವೇ ಮರೆತಿತ್ತು. ಕೊನೆಯವರು ಅಷ್ಟರಲ್ಲಿ ಬೇರೆಯವರನ್ನು ಕೇಳಿ ಔಷಧಿ ಹೊಡೆದಾಗಿತ್ತು, ನಮಗೆ ತಿಳಿಸಬೇಕು ಅನ್ನಿಸಿರಲಿಲ್ಲ. ದುಡ್ಡೇ ಕೊಟ್ಟಿರಲಿಲ್ಲ ಅಲ್ವಾ?

ನೀವೂ ಮೊದಲು ಈ ಕೆಲಸ ಮಾಡಿ. ತಪ್ಪಿಸಿಕೊಂಡವರಲ್ಲಿ ನಾಲ್ಕೈದು ಜನರಿಗೆ ಫೋನ್ ಮಾಡಿ, ಬೇಸರ ತೋರಿಸದೆ ಕಾರಣ ಕೇಳಿ ಬರೆದುಕೊಳ್ಳಿ. ಮುಂದಿನ ಒಂದೊಂದು ಸೆಟ್ಟಿಂಗ್ ಕೂಡ ಆ ಕಾರಣಗಳ ಮೇಲೇ ನಿಲ್ಲುತ್ತದೆ.

## ಬೇಕಾಗುವ ಸಾಮಾನು

ಒಂದು ಜಿಮೇಲ್ ಖಾತೆ ಮತ್ತು ಅದರ ಗೂಗಲ್ ಕ್ಯಾಲೆಂಡರ್. ಒಂದು ಪೇಮೆಂಟ್ ಗೇಟ್‌ವೇ ಖಾತೆ, ಅಂದರೆ ಗ್ರಾಹಕರಿಂದ ಆನ್‌ಲೈನ್‌ನಲ್ಲಿ ಹಣ ಪಡೆದು ನಮ್ಮ ಬ್ಯಾಂಕ್‌ಗೆ ಹಾಕುವ ಸೇವೆ. ಒಂದು ಬುಕಿಂಗ್ ಟೂಲ್. ಕರೆಗಂತಲೇ ಬೇರೆ ಸಿಮ್, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಆ್ಯಪ್. ಪರೀಕ್ಷೆಗೆ ಮನೆಯವರ ಇನ್ನೊಂದು ಫೋನ್. ಇಷ್ಟು ಸಾಕು.

ಟೂಲ್ ಆರಿಸುವಾಗಲೇ ಜಾಸ್ತಿ ಜನ ಸಿಕ್ಕಿಕೊಳ್ಳುತ್ತಾರೆ. ಕ್ಯಾಲೆಂಡ್ಲಿ ನೋಡಲು ಚೆಂದ, ಬಳಸಲು ಸುಲಭ. ಎಲ್ಲ ಸಿದ್ಧ ಮಾಡಿಕೊಂಡು ಪಾವತಿ ಹಂತಕ್ಕೆ ಬಂದಾಗ ಸ್ಟ್ರೈಪ್ ಅಥವಾ ಪೇಪಾಲ್ ಕೇಳುತ್ತದೆ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿದೆ. ಸ್ಟ್ರೈಪ್ ಇಲ್ಲಿ ಹೊಸಬರನ್ನು ಆಹ್ವಾನ ಇದ್ದರೆ ಮಾತ್ರ ಸೇರಿಸಿಕೊಳ್ಳುತ್ತಿದೆ. ಎರಡು ದಿನದ ಕೆಲಸ ಅಲ್ಲಿಗೆ ನಿಂತುಹೋಗುತ್ತದೆ. ಗೂಗಲ್ ಕ್ಯಾಲೆಂಡರ್‌ನ ಸ್ವಂತ ಬುಕಿಂಗ್ ಪುಟಕ್ಕೂ ಇದೇ ತೊಡಕು, ಅದರ ಪಾವತಿಯೂ ಸ್ಟ್ರೈಪ್ ಮೂಲಕವೇ.

ಹಾಗಾಗಿ ಟೂಲ್‌ಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಗ್ರಾಹಕ ಯುಪಿಐನಲ್ಲಿ ಹಣ ಕಟ್ಟಿದ ಕೂಡಲೇ ನಿನಗೆ ಗೊತ್ತಾಗುತ್ತಾ? ನಾವು ಬುಕಿಂಗ್‌ಗೆ ಜೋಹೊ ಬುಕಿಂಗ್ಸ್, ಗೇಟ್‌ವೇಗೆ ರೇಜರ್‌ಪೇ ಜೋಡಿ ಹಾಕಿದೆವು, ಎರಡೂ ನೇರ ಜೋಡಣೆಯಾಗುತ್ತವೆ ಅನ್ನುವ ಕಾರಣಕ್ಕೆ. ಬೇರೆ ಟೂಲ್ ಇದ್ದರೂ ಕ್ರಮ ಇದೇ. ಯಾವ ಪ್ಲ್ಯಾನ್‌ನಲ್ಲಿ ಪಾವತಿ ಸೌಲಭ್ಯ ಇದೆ ಅಂತ ಬೆಲೆಯ ಪುಟದಲ್ಲಿ ನೋಡಿಯೇ ಶುರು ಮಾಡಿ.

## ಹಂತ 1: ಗೇಟ್‌ವೇ ಅರ್ಜಿಯನ್ನು ಎಲ್ಲಕ್ಕಿಂತ ಮೊದಲು ಹಾಕಿ

ಪಾವತಿಯನ್ನು ಕೊನೆಗೆ ನೋಡಿಕೊಂಡರಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ನಿಮ್ಮ ಕೈಯಲ್ಲಿ ಇಲ್ಲದ ಕೆಲಸ ಇದೊಂದೇ. ಕೆವೈಸಿ ಪರಿಶೀಲನೆಗೆ ದಿನಗಳು ಹಿಡಿಯುತ್ತವೆ. ಅರ್ಜಿ ಹಾಕಿಬಿಟ್ಟು ಉಳಿದ ಹಂತಗಳನ್ನು ಆ ಬಿಡುವಿನಲ್ಲಿ ಮುಗಿಸಿ.

ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಬೇಕು. ನಮ್ಮ ಕಡೆ ಅರ್ಜಿ ವಾಪಸ್ ಬರುವುದು ಹೆಸರಿನ ಇನಿಷಿಯಲ್‌ನಿಂದ. ಪ್ಯಾನ್‌ನಲ್ಲಿ ಊರು, ತಂದೆ ಹೆಸರು ಬಿಡಿಸಿ ಬರೆದಿರುತ್ತದೆ. ಪಾಸ್‌ಬುಕ್‌ನಲ್ಲಿ ಎರಡೇ ಅಕ್ಷರ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದೊಂದು ಅಕ್ಷರ ಹೋಲಿಸಿ. ಹೊಂದದಿದ್ದರೆ ಮೊದಲು ಬ್ಯಾಂಕ್‌ಗೆ ಹೋಗಿ ಸರಿ ಮಾಡಿಸಿ, ಆಮೇಲೆ ಅರ್ಜಿ ಹಾಕಿ. ಭಾವನ ಅರ್ಜಿ ಇದೇ ಕಾರಣಕ್ಕೆ ಒಮ್ಮೆ ವಾಪಸ್ ಬಂತು.

ನಿಮ್ಮದೇ ವೆಬ್‌ಸೈಟ್ ಕೊಟ್ಟರೆ ಅದರಲ್ಲಿ ನಿಯಮಗಳು, ಖಾಸಗಿತನ, ರದ್ದತಿ ಮತ್ತು ಮರುಪಾವತಿ, ಸಂಪರ್ಕ ಈ ನಾಲ್ಕು ಪುಟ ಇರಬೇಕು. ಮರುಪಾವತಿ ಪುಟ ಇಲ್ಲದೆ ಅರ್ಜಿ ನಿಂತಿದ್ದನ್ನು ನಾನು ಜಾಸ್ತಿ ಕಂಡಿದ್ದೇನೆ.

ಖರ್ಚಿನ ಲೆಕ್ಕ ಈಗಲೇ ಮಾಡಿಕೊಳ್ಳಿ. ಗೇಟ್‌ವೇ ಸಾಮಾನ್ಯ ದರ 2%, ಆ ಶುಲ್ಕದ ಮೇಲೆ 18% ಜಿಎಸ್‌ಟಿ. 400 ರೂಪಾಯಿಗೆ 8 ರೂಪಾಯಿ ಶುಲ್ಕ, 1.44 ತೆರಿಗೆ. ಕೈಗೆ 390.56 ಬರುತ್ತದೆ, ಅದೂ ಸಾಮಾನ್ಯವಾಗಿ ಎರಡು ಕೆಲಸದ ದಿನ ಬಿಟ್ಟು. "ಸುಮ್ನೆ ಒಂಬತ್ತು ರೂಪಾಯಿ ಯಾಕೆ ಕೊಡಬೇಕು, ನನ್ನ ಕ್ಯೂಆರ್ ಇದೆಯಲ್ಲ" ಅಂತ ಭಾವ ಕೇಳಿದರು. ಸ್ವಂತ ಕ್ಯೂಆರ್‌ಗೆ ಶುಲ್ಕ ಇಲ್ಲ, ನಿಜ. ಆದರೆ ಹಣ ಬಂದ ಸುದ್ದಿ ನಿಮ್ಮ ಫೋನಿಗೆ ಬರುತ್ತದೆಯೇ ಹೊರತು ಬುಕಿಂಗ್ ಪುಟಕ್ಕೆ ಹೋಗುವುದಿಲ್ಲ. ಸ್ಕ್ರೀನ್‌ಶಾಟ್ ನೋಡಿ, ಖಾತೆ ತೆರೆದು ತಾಳೆ ಹಾಕಿ, ನೀವೇ ಸಮಯ ಖಚಿತ ಮಾಡಬೇಕು. ಆ 9.44 ರೂಪಾಯಿ ಕೊಡುವುದು ಈ ಕೆಲಸ ತಪ್ಪಿಸಲು.

## ಹಂತ 2: ಕ್ಯಾಲೆಂಡರ್ ಶುಚಿ ಮಾಡಿ

ಬುಕಿಂಗ್ ಟೂಲ್ ನಿಮ್ಮ ಕ್ಯಾಲೆಂಡರ್ ಓದಿಕೊಂಡು ಖಾಲಿ ಸಮಯ ತೋರಿಸುತ್ತದೆ. ಕ್ಯಾಲೆಂಡರ್ ಸುಳ್ಳು ಹೇಳಿದರೆ ಪುಟವೂ ಸುಳ್ಳು ಹೇಳುತ್ತದೆ.

ಮೊದಲು ಸಮಯ ವಲಯ. ಗೂಗಲ್ ಕ್ಯಾಲೆಂಡರ್‌ನಲ್ಲೂ ಬುಕಿಂಗ್ ಟೂಲ್‌ನಲ್ಲೂ Asia/Kolkata ಅಥವಾ GMT+05:30 ಇದೆಯಾ ನೋಡಿ. ಒಂದರಲ್ಲಿ ಬೇರೆ ಇದ್ದರೂ ಸಂಜೆ 7ರ ಕರೆ ಮಧ್ಯಾಹ್ನಕ್ಕೆ ಹೋಗಿ ಕೂರುತ್ತದೆ.

ಎರಡನೆಯದು, ಫೋನಿನಲ್ಲಿ ನೀವು ಬರೆಯುವ ಕಾರ್ಯಕ್ರಮ ಎಲ್ಲಿ ಸೇವ್ ಆಗುತ್ತಿದೆ ಅನ್ನುವುದು. ಎಷ್ಟೋ ಫೋನ್‌ಗಳ ಸ್ವಂತ ಕ್ಯಾಲೆಂಡರ್ ಆ್ಯಪ್ ಅದನ್ನು ಫೋನಿನೊಳಗೇ ಇಟ್ಟುಕೊಳ್ಳುತ್ತದೆ. ಗೂಗಲ್ ಖಾತೆಗೆ ಅದು ಹೋಗುವುದೇ ಇಲ್ಲ. ಫೋನಿನಲ್ಲಿ ಒಂದು ಕಾರ್ಯಕ್ರಮ ಬರೆದು, ಕಂಪ್ಯೂಟರ್‌ನಲ್ಲಿ calendar.google.com ತೆರೆದು ನೋಡಿ. ಅಲ್ಲಿ ಕಾಣದಿದ್ದರೆ ಬುಕಿಂಗ್ ಪುಟಕ್ಕೂ ಕಾಣುವುದಿಲ್ಲ.

ಮೂರನೆಯದರಲ್ಲಿ ನಾವೇ ಬಿದ್ದೆವು. ನಾಯಕನಹಟ್ಟಿ ಜಾತ್ರೆಗೆ ಹೋಗುವ ದಿನ ಅಂತ ಭಾವ ಇಡೀ ದಿನದ ಕಾರ್ಯಕ್ರಮ ಹಾಕಿದ್ದರು. ಆದರೂ ಆ ಸಂಜೆಗೆ ಎರಡು ಬುಕಿಂಗ್ ಬಂದವು. ಕಾರಣ ಇಷ್ಟೇ: ಗೂಗಲ್ ಕ್ಯಾಲೆಂಡರ್‌ನಲ್ಲಿ ಇಡೀ ದಿನದ ಕಾರ್ಯಕ್ರಮ ತಾನಾಗಿ Free ಅಂತ ಸೇವ್ ಆಗುತ್ತದೆ. ಬುಕಿಂಗ್ ಟೂಲ್‌ಗಳು Busy ಅಂತ ಇರುವುದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತವೆ. ಕಾರ್ಯಕ್ರಮ ತೆರೆದು ಆ ಒಂದು ಪದ ಬದಲಿಸಬೇಕು. ಜಾತ್ರೆ, ಮದುವೆ, ಊರಿಗೆ ಹೋಗುವುದು, ಆಸ್ಪತ್ರೆ ಎಲ್ಲವನ್ನೂ ಒಮ್ಮೆ ತೆರೆದು ನೋಡಿ Busy ಮಾಡಿಬಿಡಿ.

## ಹಂತ 3: ಸಮಯವನ್ನು ಗ್ರಾಹಕನ ದಿನ ನೋಡಿ ಕಟ್ಟಿ

ಇಲ್ಲಿ ನಿಧಾನ ಮಾಡಿ. ಬೆಳಿಗ್ಗೆ 9ರಿಂದ ಸಂಜೆ 6 ಅಂತ ಟೂಲ್ ಮೊದಲೇ ತುಂಬಿಕೊಟ್ಟಿರುತ್ತದೆ. ಜಾಸ್ತಿ ಜನ ಅದನ್ನು ಮುಟ್ಟುವುದೇ ಇಲ್ಲ. ಆ ಹೊತ್ತು ಆಫೀಸಿನವರದು, ತೋಟದವರದಲ್ಲ.

ರೈತರಿಗೆ ಮೂರು ಫೇಸ್ ಕರೆಂಟ್ ಬಂದರೆ ಅದೇ ಮುಖ್ಯ. ಬೆಳಗಿನ ತಂಪಿನಲ್ಲಿ ಔಷಧಿ ಹೊಡೆಯುತ್ತಾರೆ, ಆಗ ಕೈಯಲ್ಲಿ ಫೋನ್ ಇರುವುದಿಲ್ಲ. ಸಂತೆ ದಿನ ಊರಲ್ಲೇ ಇರುವುದಿಲ್ಲ. ನಾವು ಹತ್ತು ಬೆಳೆಗಾರರನ್ನು ಕೇಳಿದಾಗ ಎಲ್ಲರೂ ಒಪ್ಪಿದ್ದು ಸಂಜೆ ಆರೂವರೆ ದಾಟಿದ ಮೇಲಿನ ಹೊತ್ತು. ಕೈಕಾಲು ತೊಳೆದು ಕೂತಿರುತ್ತಾರೆ, ಮಗನೋ ಮಗಳೋ ಪಕ್ಕದಲ್ಲಿ ಇರುತ್ತಾರೆ. ಹಾಗಾಗಿ ಮಂಗಳವಾರ, ಗುರುವಾರ, ಶನಿವಾರ ಮಾತ್ರ, 6:30, 7:00, 7:30, 8:00. ಸಂಜೆಗೆ ನಾಲ್ಕು ಕರೆ, ವಾರಕ್ಕೆ ಹನ್ನೆರಡು.

ನಿಮ್ಮ ಗ್ರಾಹಕರು ಅಂಗಡಿಯವರಾದರೆ ಮಧ್ಯಾಹ್ನ ಊಟದ ನಂತರದ ಹೊತ್ತು ಸರಿಹೋಗಬಹುದು. ಟೀಚರ್‌ಗಳಾದರೆ ಶಾಲೆ ಬಿಟ್ಟ ಮೇಲೆ. ಊಹೆ ಮಾಡಬೇಡಿ, ಕೇಳಿ.

ಆಮೇಲೆ ಮೂರು ಅಂಕಿ ಹಾಕಬೇಕು.

ಒಂದು, ಎರಡು ಕರೆಗಳ ನಡುವಿನ ಬಿಡುವು, ಟೂಲ್‌ನಲ್ಲಿ ಬಫರ್ ಅಂತ ಇರುತ್ತದೆ. 20 ನಿಮಿಷದ ಕರೆಗೆ 10 ನಿಮಿಷ ಇಡಿ. ಬಫರ್ ಇಲ್ಲದಿದ್ದರೆ ಒಂದು ಕರೆ ಐದು ನಿಮಿಷ ಎಳೆದರೂ ಮುಂದಿನ ಮೂವರಿಗೂ ತಡವಾಗುತ್ತದೆ. ಏಳಕ್ಕೆ ಕಾದು ಕೂತವರಿಗೆ ಏಳೂಕಾಲಿಗೆ ಫೋನ್ ಹೋದರೆ ಅವರು ಎದ್ದು ಹೋಗಿರುತ್ತಾರೆ. ಅಲ್ಲಿ ತಪ್ಪಿಸಿಕೊಂಡವರು ನೀವು.

ಎರಡು, ಎಷ್ಟು ಗಂಟೆ ಮುಂಚೆ ಬುಕ್ ಮಾಡಬೇಕು ಅನ್ನುವುದು. ನಾವು 12 ಗಂಟೆ ಇಟ್ಟೆವು. ರೋಗ ಬಿದ್ದ ತೋಟಕ್ಕೆ ಎರಡು ದಿನ ಕಾಯಿಸಲು ಆಗುವುದಿಲ್ಲ. ಹಾಗಂತ ಒಂದು ಗಂಟೆ ಇಟ್ಟರೆ ಭಾವನಿಗೆ ಫೋಟೊ ನೋಡಲು ಹೊತ್ತು ಸಿಗುವುದಿಲ್ಲ.

ಮೂರು, ಎಷ್ಟು ದಿನ ಮುಂದಿನವರೆಗೆ ತೆರೆದಿಡಬೇಕು ಅನ್ನುವುದು. 14 ದಿನ ಸಾಕು. ಎರಡು ತಿಂಗಳು ತೆರೆದಿಟ್ಟರೆ ಮುಂದಿನ ತಿಂಗಳಿಗೆ ಬುಕ್ ಮಾಡಿದವರು ಅಷ್ಟರಲ್ಲಿ ಮರೆತಿರುತ್ತಾರೆ.

## ಹಂತ 4: ಫಾರ್ಮ್‌ನಲ್ಲಿ ಕಡಿಮೆ ಕೇಳಿ, ಸರಿಯಾದದ್ದನ್ನು ಕೇಳಿ

ಟೂಲ್‌ಗಳು ಇಮೇಲ್ ಕಡ್ಡಾಯ ಮಾಡಿ, ಫೋನ್ ನಂಬರನ್ನು ಐಚ್ಛಿಕವಾಗಿ ಬಿಟ್ಟಿರುವುದು ಸಾಮಾನ್ಯ. ನಮಗೆ ಬೇಕಿರುವುದು ತಿರುಗಾಮುರುಗ. ಫೋನ್ ನಂಬರ್ ಕಡ್ಡಾಯ ಮಾಡಿ. ಪ್ರಶ್ನೆಯನ್ನು "ವಾಟ್ಸಾಪ್ ಇರುವ ಮೊಬೈಲ್ ನಂಬರ್" ಅಂತಲೇ ಬರೆಯಿರಿ.

ಬುಕ್ ಮಾಡುವವರು ಒಬ್ಬರು, ಮಾತಾಡುವವರು ಇನ್ನೊಬ್ಬರು. ಇದು ನಮಗೆ ತಡವಾಗಿ ಹೊಳೆಯಿತು. ದಾವಣಗೆರೆಯಲ್ಲಿ ಓದುವ ಮಗ ಫಾರ್ಮ್ ತುಂಬಿ ದುಡ್ಡು ಕಟ್ಟುತ್ತಾನೆ. ಅವನಿಗೇ ಇಮೇಲ್, ಅವನಿಗೇ ಕರೆ. ತೋಟದಲ್ಲಿರುವ ಅಪ್ಪನಿಗೆ ವಿಷಯವೇ ಗೊತ್ತಿರುವುದಿಲ್ಲ. ಆಮೇಲೆ "ಕರೆಯಲ್ಲಿ ಮಾತಾಡುವವರ ನಂಬರ್, ಬೇರೆ ಇದ್ದರೆ" ಅಂತ ಒಂದು ಸಾಲು ಸೇರಿಸಿದೆವು. ಹಿರಿಯರ ಪರವಾಗಿ ಮಕ್ಕಳು ಬುಕ್ ಮಾಡುವ ಯಾವ ಕೆಲಸಕ್ಕೂ ಈ ಸಾಲು ಬೇಕು.

ಇನ್ನು ಊರು ಮತ್ತು ತೊಂದರೆ ಏನು ಅನ್ನುವುದು ಒಂದು ವಾಕ್ಯದಲ್ಲಿ. ಅಲ್ಲಿಗೆ ನಿಲ್ಲಿಸಿ. ಎಕರೆ, ತಳಿ, ವಯಸ್ಸು, ಮಣ್ಣಿನ ಪರೀಕ್ಷೆ ಎಲ್ಲ ಫಾರ್ಮ್‌ನಲ್ಲೇ ಕೇಳಿದರೆ ಅರ್ಧಕ್ಕೆ ಬಿಟ್ಟುಹೋಗುತ್ತಾರೆ. ಅದನ್ನೆಲ್ಲ ಹಣ ಬಂದ ಮೇಲೆ ವಾಟ್ಸಾಪ್‌ನಲ್ಲಿ ಕೇಳಬಹುದು.

ಕರೆಯ ವಿಧಾನ ಫೋನ್ ಅಂತಲೇ ಇಡಿ, "ನಾವೇ ಕರೆ ಮಾಡುತ್ತೇವೆ" ಅಂತ. ವಿಡಿಯೊ ಲಿಂಕ್ ಕೊಟ್ಟರೆ ಲಿಂಕ್ ಹುಡುಕಬೇಕು, ಆ್ಯಪ್ ಬೇಕು, ನೆಟ್‌ವರ್ಕ್ ಬೇಕು. ಹೊಲದ ನಡುವೆ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಎಲೆ, ಕಾಯಿ ನೋಡಬೇಕಾದರೆ ಮೊದಲೇ ತರಿಸಿಕೊಂಡ ಫೋಟೊ ವಿಡಿಯೊಗಿಂತ ಚೆನ್ನಾಗಿ ಕಾಣುತ್ತದೆ.

## ಹಂತ 5: ಪಾವತಿ ಜೋಡಿಸಿ, ಪರೀಕ್ಷಾ ಕೀ ಬಿಟ್ಟುಹೋಗದಂತೆ ನೋಡಿ

ಕೆವೈಸಿ ಒಪ್ಪಿಗೆ ಬಂದ ಮೇಲೆ ರೇಜರ್‌ಪೇ ಡ್ಯಾಶ್‌ಬೋರ್ಡ್‌ನಲ್ಲಿ ಎಪಿಐ ಕೀ ತಯಾರಿಸಿಕೊಳ್ಳಬಹುದು. ಇದನ್ನು ಬುಕಿಂಗ್ ಟೂಲ್‌ಗೆ ಕೊಟ್ಟರೆ ಎರಡಕ್ಕೂ ಕೊಂಡಿ ಬೀಳುತ್ತದೆ. ಕೀ ಐಡಿ ಒಂದು, ಸೀಕ್ರೆಟ್ ಒಂದು. ಸೀಕ್ರೆಟ್ ತೋರಿಸುವುದು ಒಂದೇ ಸಲ. ಆಗಲೇ ಭದ್ರವಾಗಿ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ, ಪುಟ ಮಾಡಿಕೊಡುವ ಹುಡುಗನಿಗೂ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಟೈಪ್ ಮಾಡಿ.

ಕೀ ಎರಡು ಬಗೆ, ಮೊದಲ ಅಕ್ಷರಗಳಲ್ಲೇ ಗುರುತು ಸಿಗುತ್ತದೆ:

```
rzp_test_...   ಪರೀಕ್ಷೆಗೆ, ನಿಜ ಹಣ ಬರುವುದಿಲ್ಲ
rzp_live_...   ನಿಜ ಪಾವತಿಗೆ
```

ಮೊದಲು ಟೆಸ್ಟ್ ಕೀ ಹಾಕಿ ನೋಡಿ. ಯುಪಿಐ ಐಡಿ ಕೇಳುವ ಜಾಗ ಇದ್ದರೆ ಅಲ್ಲಿ success@razorpay ಕೊಟ್ಟರೆ ಪಾವತಿ ಆದಂತೆ, failure@razorpay ಕೊಟ್ಟರೆ ವಿಫಲವಾದಂತೆ ನಡೆಯುತ್ತದೆ. ವಿಫಲವಾದಾಗ ಸಮಯ ಖಚಿತವಾಗಬಾರದು. ಖಚಿತವಾದರೆ ಜೋಡಣೆ ತಪ್ಪಿದೆ ಅಂತ ಅರ್ಥ. ಈ ಎರಡನೇ ಪರೀಕ್ಷೆಯನ್ನು ಮಾಡುವವರು ಬಹಳ ಕಡಿಮೆ.

ಆಮೇಲೆ ಲೈವ್ ಕೀ ಹಾಕಿ. ಟೆಸ್ಟ್ ಕೀ ಹಾಗೇ ಉಳಿದರೆ ಬುಕಿಂಗ್ ಬರುತ್ತಲೇ ಇರುತ್ತವೆ, "ಪಾವತಿಯಾಗಿದೆ" ಅಂತಲೂ ತೋರಿಸುತ್ತದೆ, ಬ್ಯಾಂಕ್‌ಗೆ ಮಾತ್ರ ಏನೂ ಬರುವುದಿಲ್ಲ. ಶುರುವಾಗಿ ಮೂರ್ನಾಲ್ಕು ಕೆಲಸದ ದಿನವಾದರೂ ಖಾತೆಗೆ ಹಣ ಬರದಿದ್ದರೆ ಮೊದಲು ನೋಡಬೇಕಾದದ್ದು ಇದೇ.

ಟೂಲ್‌ನಲ್ಲಿ "ನಂತರ ಪಾವತಿಸಿ" ಅನ್ನುವಂಥ ಆಯ್ಕೆ ಇದ್ದರೆ ಮುಚ್ಚಿಬಿಡಿ. ಒಂದು ಬಾಗಿಲು ತೆರೆದಿದ್ದರೂ ಎಲ್ಲರೂ ಅದರಲ್ಲೇ ಬರುತ್ತಾರೆ. ಹಳೇ ಪರಿಚಯದವರಿಗೆ ಬಿಟ್ಟಿ ಕೊಡಬೇಕು ಅನ್ನಿಸಿದರೆ ಅವರ ಕರೆಯನ್ನು ನೀವೇ ಕ್ಯಾಲೆಂಡರ್‌ಗೆ ಬರೆಯಿರಿ. ಪುಟದ ನಿಯಮ ಸಡಿಲ ಮಾಡಬೇಡಿ.

ದುಡ್ಡು ಕಟ್ ಆಗಿದೆ, ಬುಕಿಂಗ್ ಬಂದಿಲ್ಲ ಅಂದರೆ. ಯುಪಿಐನಲ್ಲಿ ಇದು ಆಗುತ್ತದೆ. ಫೋನ್ ಮಾಡಿದವರು ಗಾಬರಿಯಲ್ಲಿರುತ್ತಾರೆ. ಇನ್ನೊಮ್ಮೆ ಕಟ್ಟಿ ಅಂತ ಮಾತ್ರ ಹೇಳಬೇಡಿ. ಅವರ ಯುಪಿಐ ಆ್ಯಪ್‌ನಲ್ಲಿ 12 ಅಂಕಿಯ ಯುಟಿಆರ್ ನಂಬರ್ ಇರುತ್ತದೆ, ಅದನ್ನು ತರಿಸಿಕೊಳ್ಳಿ. ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ ಆ ಪಾವತಿ captured ಅಂತ ಇದ್ದರೆ ಹಣ ಬಂದಿದೆ, ಸಮಯವನ್ನು ನೀವೇ ಕೈಯಾರೆ ಹಾಕಿಕೊಡಿ. failed ಅಂತ ಇದ್ದರೆ ಹಣ ಅವರ ಖಾತೆಗೇ ತಾನಾಗಿ ಮರಳುತ್ತದೆ. ವ್ಯಾಪಾರಿಗೆ ಮಾಡಿದ ಇಂಥ ಯುಪಿಐ ಪಾವತಿಗೆ ರಿಸರ್ವ್ ಬ್ಯಾಂಕ್ ಕೊಟ್ಟಿರುವ ಗಡುವು, ವಹಿವಾಟಿನ ದಿನ ಬಿಟ್ಟು ಐದು ದಿನ. ಇದನ್ನು ಸಮಾಧಾನವಾಗಿ ತಿಳಿಸಿ ಹೇಳಿ.

ಇನ್‌ಸ್ಟಾಗ್ರಾಂ ಒಳಗಿನಿಂದಲೇ ಪುಟ ತೆರೆದವರಿಗೆ ಕೆಲವು ಸಲ ಯುಪಿಐ ಆ್ಯಪ್ ತೆರೆಯುವುದೇ ಇಲ್ಲ. ಲಿಂಕ್‌ನ ಕೆಳಗೆ "ಕ್ರೋಮ್‌ನಲ್ಲಿ ತೆರೆಯಿರಿ" ಅಂತ ಒಂದು ಸಾಲು ಹಾಕಿ.

## ಹಂತ 6: ರದ್ದು, ಬದಲಾವಣೆಯ ನಿಯಮವನ್ನು ಹಣ ಕಟ್ಟುವ ಗುಂಡಿಯ ಮೇಲೆ ಬರೆಯಿರಿ

ನಿಯಮ ಬೇರೆ ಪುಟದಲ್ಲಿ ಇದ್ದರೆ ಯಾರೂ ಓದುವುದಿಲ್ಲ. ಸೇವೆಯ ವಿವರಣೆಯಲ್ಲೇ ನಾಲ್ಕು ಸಾಲು ಸಾಕು. ನಮ್ಮದು ಹೀಗಿದೆ:

"ಕರೆಗೆ 6 ಗಂಟೆ ಮುಂಚೆವರೆಗೆ ಸಮಯ ಬದಲಿಸಬಹುದು, ಹಣ ಬೇಡ. ಅಷ್ಟರೊಳಗೆ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್. ಆಮೇಲೆ ರದ್ದಾದರೆ ಹಣ ಬರುವುದಿಲ್ಲ. ಕರೆ ಎತ್ತಲು ಆಗದಿದ್ದರೆ ಒಂದು ಸಲ ಮಾತ್ರ ಬೇರೆ ಸಮಯ ಕೊಡುತ್ತೇವೆ."

ಸಮಯ ಬದಲಿಸುವುದನ್ನು ಸುಲಭ ಮಾಡಿ, ಇದು ನನ್ನ ಗಟ್ಟಿ ಅಭಿಪ್ರಾಯ. ಬದಲಿಸಲು ದಾರಿ ಇಲ್ಲದವರು ಫೋನ್ ಎತ್ತದೆ ಸುಮ್ಮನಾಗುತ್ತಾರೆ. ಬದಲಿಸಿದರೆ ಆ ಸಮಯವಾದರೂ ಬೇರೆಯವರಿಗೆ ಸಿಗುತ್ತದೆ. ದೃಢೀಕರಣ ಸಂದೇಶದಲ್ಲಿ ಬದಲಾವಣೆಯ ಲಿಂಕ್ ಇರುವಂತೆ ನೋಡಿಕೊಳ್ಳಿ.

ಮರುಪಾವತಿ ಮಾಡಿದಾಗ ಗೇಟ್‌ವೇ ತಗೊಂಡ ಶುಲ್ಕ ವಾಪಸ್ ಬರುವುದಿಲ್ಲ. 400 ಪೂರ್ತಿ ಕೊಟ್ಟರೆ 9.44 ನಿಮ್ಮ ಕೈಯಿಂದ ಹೋಗುತ್ತದೆ. ಅದನ್ನು ಗ್ರಾಹಕರ ಹಣದಲ್ಲಿ ಹಿಡಿಯಬೇಡಿ, ಮಾತು ಬೆಳೆಯುತ್ತದೆ. ಹಣವನ್ನು ಡ್ಯಾಶ್‌ಬೋರ್ಡ್‌ನಿಂದಲೇ ಮರಳಿಸಿ. ನಿಮ್ಮ ಯುಪಿಐನಿಂದ ಕಳಿಸಿದರೆ ಗೇಟ್‌ವೇ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

## ಹಂತ 7: ರಿಮೈಂಡರ್ ಅವರು ನೋಡುವ ಕಡೆಗೇ ಹೋಗಲಿ

ಇಮೇಲ್ ರಿಮೈಂಡರ್ ಆನ್ ಮಾಡಿಡಿ, ಖರ್ಚಿಲ್ಲ. ಆದರೆ ನಮ್ಮ ಬೆಳೆಗಾರರಲ್ಲಿ ಅದನ್ನು ನೋಡುವವರು ಇಲ್ಲವೇ ಇಲ್ಲ ಅನ್ನಬಹುದು. ಎಸ್ಸೆಮ್ಮೆಸ್‌ಗೆ ಇನ್ನೊಂದು ತೊಡಕು. ಭಾರತದಲ್ಲಿ ವ್ಯಾಪಾರದ ಎಸ್ಸೆಮ್ಮೆಸ್ ಕಳಿಸಲು ಟೆಲಿಕಾಂ ಕಂಪನಿಗಳಲ್ಲಿ ಡಿಎಲ್‌ಟಿ ಅನ್ನುವ ನೋಂದಣಿ ಬೇಕು. ಸಂಸ್ಥೆಯ ಹೆಸರು, ಕಳಿಸುವವರ ಗುರುತು, ಸಂದೇಶದ ಒಕ್ಕಣೆ ಮೂರನ್ನೂ ನೋಂದಾಯಿಸಬೇಕು. ಅದಿಲ್ಲದೆ ಟೂಲ್‌ನಲ್ಲಿ ಎಸ್ಸೆಮ್ಮೆಸ್ ಆನ್ ಮಾಡಿದರೆ ಟೂಲ್ "ಕಳಿಸಿದೆ" ಅಂತ ತೋರಿಸಬಹುದು, ಫೋನಿಗೆ ಬಂದಿರುವುದಿಲ್ಲ.

ವಾಟ್ಸಾಪ್‌ನಲ್ಲಿ ತಾನಾಗಿ ಸಂದೇಶ ಹೋಗಬೇಕಾದರೆ ಎಪಿಐ ಸೇವೆ ತಗೊಂಡು ಒಕ್ಕಣೆಗೆ ಮೊದಲೇ ಒಪ್ಪಿಗೆ ಪಡೆಯಬೇಕು. ಸಂಜೆಗೆ ನಾಲ್ಕೇ ಕರೆ ಇರುವವರಿಗೆ ಅದು ಬೇಡ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನ ಕ್ವಿಕ್ ರಿಪ್ಲೈ ಸಾಕು. ಒಕ್ಕಣೆಯನ್ನು ಒಮ್ಮೆ ಬರೆದು /nenapu ಅಂತ ಹೆಸರಿಟ್ಟರೆ, ಚಾಟ್‌ನಲ್ಲಿ / ಒತ್ತಿ ಆರಿಸಿ ಸಮಯ ತಿದ್ದಿ ಕಳಿಸಬಹುದು. ನಾಲ್ಕು ಜನಕ್ಕೆ ಐದು ನಿಮಿಷ. ಅಗ್ಗಕ್ಕೆ ಸಿಗುವ ಅನಧಿಕೃತ ಬಲ್ಕ್ ಸಂದೇಶದ ಸಾಫ್ಟ್‌ವೇರ್ ಮುಟ್ಟಬೇಡಿ, ನಂಬರೇ ನಿಷೇಧವಾಗಬಹುದು.

ಮೂರು ಸಂದೇಶ ಹೋಗಬೇಕು. ಬುಕ್ ಆದ ಕೂಡಲೇ ಒಂದು, ಹಿಂದಿನ ಸಂಜೆ ಒಂದು, ಕರೆಗೆ ಒಂದು ಗಂಟೆ ಮುಂಚೆ ಒಂದು. ಹಿಂದಿನ ಸಂಜೆಯದೇ ಮುಖ್ಯ. ಭಾವ ಕಳಿಸುವುದು ಇದು:

"ನಮಸ್ಕಾರ. ನಾಳೆ ಗುರುವಾರ ಸಂಜೆ 7 ಗಂಟೆಗೆ ದಾಳಿಂಬೆ ತೋಟದ ಬಗ್ಗೆ ನಿಮ್ಮ ಕರೆ ಇದೆ. ನಾನೇ ಇದೇ ನಂಬರಿನಿಂದ ಫೋನ್ ಮಾಡುತ್ತೇನೆ, ದಯವಿಟ್ಟು ಸೇವ್ ಮಾಡಿಕೊಳ್ಳಿ. ರೋಗ ಬಿದ್ದ ಎಲೆ, ಕಾಯಿಯ ಫೋಟೊ ನಾಳೆ ಮಧ್ಯಾಹ್ನದೊಳಗೆ ಇಲ್ಲಿಗೇ ಕಳಿಸಿ. ಸಮಯ ಸರಿ ಇದ್ದರೆ 1 ಅಂತ, ಬದಲಿಸಬೇಕಾದರೆ 2 ಅಂತ ಕಳಿಸಿ."

ಇದರಲ್ಲಿ ಮೂರು ಕೆಲಸ ಅಡಗಿವೆ. ನಂಬರ್ ಸೇವ್ ಆದರೆ ಗುರುತಿಲ್ಲದ ಕರೆ ಅನ್ನುವ ತೊಂದರೆ ಹೋಯಿತು. 2 ಅಂತ ಕಳಿಸುವುದು ಸುಲಭ, ಹಾಗಾಗಿ ಆಗದವರು ಮೊದಲೇ ಹೇಳುತ್ತಾರೆ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಫೋಟೊ. ತೋಟಕ್ಕೆ ಹೋಗಿ ಎಲೆ ಹುಡುಕಿ ಫೋಟೊ ತೆಗೆದು ಕಳಿಸಿದವರು ಸಂಜೆ ಫೋನ್ ಎತ್ತದೆ ಇದ್ದದ್ದು ನನಗೆ ನೆನಪಿಲ್ಲ. ಟ್ಯಾಕ್ಸ್ ಸಲಹೆಯಾದರೆ ಬಂದ ನೋಟಿಸಿನ ಫೋಟೊ ಕೇಳಿ, ಆಹಾರ ಸಲಹೆಯಾದರೆ ಹಿಂದಿನ ದಿನ ತಿಂದದ್ದನ್ನು ಬರೆದು ಕಳಿಸಲು ಹೇಳಿ.

ಮಾರನೇ ಮಧ್ಯಾಹ್ನದವರೆಗೂ ಫೋಟೊ ಇಲ್ಲ, 1 ಇಲ್ಲ, ನೀಲಿ ಗೆರೆಯೂ ಇಲ್ಲ ಅಂದರೆ ಅದೇ ಎಚ್ಚರಿಕೆಯ ಗುರುತು. ಒಂದು ಫೋನ್ ಮಾಡಿ, ಅರ್ಧ ನಿಮಿಷದ ಕೆಲಸ. ನೀಲಿ ಗೆರೆಯನ್ನು ಕೆಲವರು ಆಫ್ ಮಾಡಿಟ್ಟಿರುತ್ತಾರೆ, ಅದೊಂದನ್ನೇ ನಂಬಬೇಡಿ.

ಇಲ್ಲೊಂದು ಲೆಕ್ಕದ ಬಲೆ ಇದೆ. ಟೂಲ್‌ನ ಇಮೇಲ್ ರಿಮೈಂಡರ್ 24 ಗಂಟೆ ಮುಂಚೆ ಅಂತ ಇಟ್ಟು, ಬುಕಿಂಗ್‌ಗೆ 12 ಗಂಟೆ ಮುಂಚೆವರೆಗೆ ಅವಕಾಶ ಕೊಟ್ಟರೆ ಏನಾಗುತ್ತದೆ? ಅದೇ ದಿನ ಬೆಳಿಗ್ಗೆ ಆರಕ್ಕೆ ಬುಕ್ ಮಾಡಿದವರಿಗೆ ಆ ರಿಮೈಂಡರ್ ಹೋಗುವ ಹೊತ್ತೇ ದಾಟಿರುತ್ತದೆ. ಹಿಂದಿನ ಸಂಜೆಯ ವಾಟ್ಸಾಪ್ ಕೂಡ ಅವರಿಗಿಲ್ಲ. ಅದಕ್ಕೇ ನಂಬರ್ ಸೇವ್ ಮಾಡಿ, ಫೋಟೊ ಕಳಿಸಿ ಅನ್ನುವ ಎರಡೂ ಮಾತು ಮೊದಲ ದೃಢೀಕರಣದಲ್ಲೇ ಇರಬೇಕು. ಒಂದು ಗಂಟೆ ಮುಂಚಿನ ಸಂದೇಶವಂತೂ ಯಾರಿಗೂ ತಪ್ಪಬಾರದು.

## ಹಂತ 8: ಬೇರೆ ಫೋನಿನಿಂದ, ನಿಜವಾದ ಹಣದಿಂದ ಪರೀಕ್ಷೆ ಮಾಡಿ

ನಿಮ್ಮ ಫೋನಿನಲ್ಲಿ ನಿಮ್ಮದೇ ಖಾತೆಯಿಂದ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಮನೆಯವರ ಫೋನ್ ತಗೊಳ್ಳಿ. ಸೇವೆಯ ಬೆಲೆಯನ್ನು ತಾತ್ಕಾಲಿಕವಾಗಿ 1 ರೂಪಾಯಿ ಮಾಡಿ. ಆ ಫೋನಿಗೆ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ, ಅವರ ಕೈಯಲ್ಲೇ ಬುಕ್ ಮಾಡಿಸಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತು ಯೋಚಿಸುತ್ತಾರೋ ಅಲ್ಲಿ ಪದ ತಿದ್ದಬೇಕು. ನಮ್ಮ ಅಕ್ಕ "ಸ್ಲಾಟ್ ಆಯ್ಕೆ ಮಾಡಿ" ಅನ್ನುವಲ್ಲಿ ನಿಂತಳು. ಅದನ್ನು "ಯಾವ ಹೊತ್ತಿಗೆ ಫೋನ್ ಮಾಡಲಿ?" ಅಂತ ಬದಲಿಸಿದೆವು.

ನಂತರ ಒಂದೊಂದಾಗಿ ನೋಡಿ. 1 ರೂಪಾಯಿ ಡ್ಯಾಶ್‌ಬೋರ್ಡ್‌ನಲ್ಲಿ captured ಆಯಿತಾ? ಗೂಗಲ್ ಕ್ಯಾಲೆಂಡರ್‌ನಲ್ಲಿ ಸರಿಯಾದ ಹೊತ್ತಿಗೆ ಬಂತಾ? ಆ ಹೊತ್ತು ಪುಟದಿಂದ ಮಾಯವಾಯಿತಾ? ಕ್ಯಾಲೆಂಡರ್‌ನಲ್ಲಿ ಬೇರೆ ಹೊತ್ತಿಗೆ ಒಂದು Busy ಕಾರ್ಯಕ್ರಮ ಹಾಕಿದರೆ ಪುಟದಲ್ಲಿ ಅದೂ ಮುಚ್ಚುತ್ತದಾ? ಆಮೇಲೆ ಅದೇ ಫೋನಿನಿಂದ ಸಮಯ ಬದಲಿಸಿ. ಹಳೇ ಹೊತ್ತು ಮತ್ತೆ ತೆರೆದುಕೊಳ್ಳಬೇಕು. ಕೊನೆಗೆ ರದ್ದು ಮಾಡಿ ರೂಪಾಯಿ ಮರಳಿಸಿ. ರದ್ದು ಮಾಡಿದರೆ ಹಣ ತಾನಾಗಿ ಹೋಗುತ್ತದೆ ಅಂತ ನಂಬಿಕೊಳ್ಳಬೇಡಿ. ನಿಮ್ಮ ಟೂಲ್‌ನಲ್ಲಿ ಹೇಗೆ ಅಂತ ಈ ಒಂದು ರೂಪಾಯಿಯಲ್ಲೇ ಗೊತ್ತಾಗಲಿ. ಇಷ್ಟು ಮುಗಿದ ಮೇಲೆ ಬೆಲೆಯನ್ನು ಮತ್ತೆ 400 ಮಾಡಲು ಮರೆಯಬೇಡಿ.

## ಹಂತ 9: ಫೋನ್ ಎತ್ತದಿದ್ದಾಗ ಮಾಡುವ ಕೆಲಸ

ಇಷ್ಟಾದರೂ ಒಬ್ಬಿಬ್ಬರು ತಪ್ಪಿಸಿಕೊಳ್ಳುತ್ತಾರೆ. ಆಗ ಏನು ಮಾಡಬೇಕು ಅಂತ ಮೊದಲೇ ಗೊತ್ತಿದ್ದರೆ ಸಿಟ್ಟು ಬರುವುದಿಲ್ಲ. ಸರಿಯಾದ ಹೊತ್ತಿಗೆ ಒಂದು ಕರೆ, ಐದು ನಿಮಿಷ ಬಿಟ್ಟು ಒಂದು, ಹತ್ತನೇ ನಿಮಿಷಕ್ಕೆ ಕೊನೆಯದು. ಮಧ್ಯದ ಕರೆಯನ್ನು ಫಾರ್ಮ್‌ನಲ್ಲಿ ಕೊಟ್ಟ ಎರಡನೇ ನಂಬರಿಗೆ ಮಾಡಿ. ಆಮೇಲೆ ಸಂದೇಶ: "7 ಗಂಟೆಗೆ ಮೂರು ಸಲ ಫೋನ್ ಮಾಡಿದೆ, ಸಿಗಲಿಲ್ಲ. ಈ ಲಿಂಕ್‌ನಲ್ಲಿ ಒಂದು ಸಲ ಬೇರೆ ಸಮಯ ತಗೊಳ್ಳಬಹುದು." ಮೂರು ಕರೆಯ ದಾಖಲೆ ಫೋನಿನಲ್ಲಿ ಉಳಿಯಲಿ. ಹಣ ವಾಪಸ್ ಬೇಕು ಅಂತ ಯಾರಾದರೂ ಬ್ಯಾಂಕ್‌ಗೆ ದೂರು ಕೊಟ್ಟರೆ ಗೇಟ್‌ವೇಗೆ ತೋರಿಸಲು ಅದು ಬೇಕಾಗುತ್ತದೆ.

ಎರಡನೇ ಸಲವೂ ಸಿಗದವರಿಗೆ ನಿಯಮ ಹೇಳಿ ಮುಗಿಸಿ. ಹಾಗೆ ಹೇಳುವುದು ಭಾವನಿಗೆ ಕಷ್ಟವಾಗುತ್ತಿತ್ತು, ಎಲ್ಲರೂ ಗೊತ್ತಿರುವ ಊರಿನವರು. ಈಗ ಪುಟದಲ್ಲೇ ಬರೆದಿರುವುದರಿಂದ ಅದನ್ನೇ ತೋರಿಸುತ್ತಾರೆ.

ನೋಟ್‌ಬುಕ್ ಮುಚ್ಚಬೇಡಿ. ಪ್ರತಿ ಶನಿವಾರ ರಾತ್ರಿ ಎಷ್ಟು ಬುಕಿಂಗ್, ಎಷ್ಟು ಜನ ಸಿಕ್ಕರು, ಸಿಗದವರು ಯಾವ ಹೊತ್ತಿನವರು ಅಂತ ಮೂರು ಸಾಲು ಬರೆಯಿರಿ. ಭಾವನ ಪುಸ್ತಕದಲ್ಲಿ ಈಗ ಸಿಗದವರು ಇದ್ದರೆ ಜಾಸ್ತಿ ಎಂಟು ಗಂಟೆಯವರೇ. ಆ ಹೊತ್ತಿಗೆ ಊಟಕ್ಕೆ ಕೂತಿರುತ್ತಾರಂತೆ. ಮುಂದಿನ ವಾರದಿಂದ 8:00 ತೆಗೆದು 6:00 ಸೇರಿಸುತ್ತಿದ್ದೇವೆ.